ಮೂರನೇ ವರ್ಷನ್ ಮಾಡುವಾಗ ಮೊದಲನೇ ವರ್ಷನ್ ಹೇಗೆ ಬದಲಾಯಿತು? ಪ್ರೀಮಿಯರ್ ಗೊತ್ತಿರುವವರು ಹೇಳಿ

ಉಡುಪಿ ಕಟ್ಸ್

ಎಲ್ಲರಿಗೂ ನಮಸ್ಕಾರ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. 12 ನಿಮಿಷದ್ದು, ಪ್ರೀಮಿಯರ್‌ನಲ್ಲಿ. ಇದು ಹೀಗೆ ಆಯ್ತು.

ಮೊದಲು `BK_v1` ಅಂತ ಸೀಕ್ವೆನ್ಸ್ ಮಾಡಿ ಸಮಿತಿಯವರಿಗೆ ಕಳಿಸಿದೆ. ಹೊರೆಕಾಣಿಕೆ ಮೆರವಣಿಗೆ ಉದ್ದವಾಯಿತು, ಹಾಡೂ ಬೇರೆ ಬೇಕು ಅಂದರು. ಸೀಕ್ವೆನ್ಸ್ ಡೂಪ್ಲಿಕೇಟ್ ಮಾಡಿ `BK_v2` ಅಂತ ಹೆಸರಿಟ್ಟು ಅದರಲ್ಲಿ ಬದಲಾಯಿಸಿದೆ. ಆಮೇಲೆ ದಾನಿಗಳ ಪಟ್ಟಿಯಲ್ಲಿ ಹೆಸರುಗಳು ಹಿಂದೆ ಮುಂದೆ ಆಗಬೇಕು ಅಂದರು, ಅದಕ್ಕೆ `BK_v3`. ಈಗ ಅಧ್ಯಕ್ಷರು ಫೋನ್ ಮಾಡಿ "ಮೊದಲು ಕಳಿಸಿದ್ದೇ ಚಂದ ಇತ್ತು ಮಾರಾಯ್ರೆ, ಅದನ್ನೇ ಕೊಡಿ, ದಾನಿಗಳ ಪಟ್ಟಿ ಮಾತ್ರ ಹೊಸದು ಇರಲಿ" ಅಂತಾರೆ.

ಸರಿ ಅಂತ `BK_v1` ಓಪನ್ ಮಾಡಿದೆ. ಹೊರೆಕಾಣಿಕೆ 2 ನಿಮಿಷ 10 ಸೆಕೆಂಡ್ ಇದ್ದದ್ದು. ಈಗ 1 ನಿಮಿಷ 25 ಸೆಕೆಂಡ್ ಆದ ಮೇಲೆ ಸ್ಕ್ರೀನ್ ಕಪ್ಪು. ಹಾಡು ಮಾತ್ರ ಓಡುತ್ತಾ ಇದೆ. ಟೈಮ್‌ಲೈನಿನಲ್ಲಿ ಆ ಕ್ಲಿಪ್ಪಿನ ಕೊನೆಗೆ ಓರೆ ಗೆರೆಗಳು ಬಂದಿವೆ. ಟೈಟಲ್ ಬಣ್ಣ ಕೂಡ ಮೂರನೇ ವರ್ಷನ್‌ದೇ ಇದೆ. ನಾನು v1 ಸೀಕ್ವೆನ್ಸನ್ನು ಮುಟ್ಟಿಯೇ ಇಲ್ಲ. ಇದು ಸಾಫ್ಟ್‌ವೇರಿನ ಬಗ್ ಏನಾದರೂ ಇರಬಹುದಾ? ಶುಕ್ರವಾರ ಕೊಡಬೇಕು.

ಕುಂದಾಪುರ ಕ್ಯಾಮೆರಾ

ನೀವು ಡೂಪ್ಲಿಕೇಟ್ ಮಾಡಿದ್ದು ಸರಿಯೇ ಉಂಟು, ನಾನೂ ಹಾಗೆಯೇ ಮಾಡುವುದು. ಸೀಕ್ವೆನ್ಸ್ ಡೂಪ್ಲಿಕೇಟ್ ಮಾಡಿದರೆ ಹಳೆಯದು ಹಾಗೇ ಇರುತ್ತದೆ. ನೀವು ಎಲ್ಲೋ ಗೊತ್ತಿಲ್ಲದೆ v1 ಟ್ಯಾಬಿನಲ್ಲೇ ಕೆಲಸ ಮಾಡಿರಬೇಕು. ಎರಡೂ ಟ್ಯಾಬ್ ಓಪನ್ ಇದ್ದರೆ ಹಾಗಾಗುತ್ತದೆ. ಪ್ರಾಜೆಕ್ಟ್ ಪ್ಯಾನೆಲಿನಲ್ಲಿ ಬಣ್ಣ ಹಚ್ಚಿ, v1ಕ್ಕೆ ಕೆಂಪು, v2ಕ್ಕೆ ಹಳದಿ. ಆಮೇಲೆ ತಪ್ಪುವುದಿಲ್ಲ.

ಕಾರ್ಕಳ ಸ್ಟುಡಿಯೋ

ತಮ್ಮಾ, ಒಂದು ಮಾತು ಹೇಳ್ತೇನೆ. ಮೂರು ಸಲ ಬದಲಾವಣೆ ಮಾಡಿಕೊಟ್ಟದ್ದೇ ಜಾಸ್ತಿ. ಎರಡು ಸಲ ಫ್ರೀ, ಮೂರನೆಯದಕ್ಕೆ ಇಷ್ಟು ಅಂತ ಮೊದಲೇ ಬರೆದುಕೊಡಬೇಕು. ದೇವಸ್ಥಾನದ ಕೆಲಸ ಅಂತ ಸುಮ್ನೆ ಇದ್ದರೆ ಹೀಗೆಯೇ. ಸಮಿತಿಯಲ್ಲಿ ಹತ್ತು ಜನ, ಹನ್ನೊಂದು ಅಭಿಪ್ರಾಯ.

ಉಡುಪಿ ಕಟ್ಸ್

ಕಾರ್ಕಳದ ಅಣ್ಣ, ದುಡ್ಡಿನ ವಿಷಯ ಆಮೇಲೆ ನೋಡುವ. ನನಗೆ ಈಗ ಆ 45 ಸೆಕೆಂಡ್ ವಾಪಸ್ ಬೇಕು.

ಕುಂದಾಪುರದವರೇ, ಟ್ಯಾಬ್ ತಪ್ಪಿದ್ದಲ್ಲ. ಹೊರೆಕಾಣಿಕೆ ಭಾಗದ ಕ್ಲಿಪ್‌ಗಳನ್ನೆಲ್ಲ ಒಂದು ಒಳ ಸೀಕ್ವೆನ್ಸಿಗೆ ಹಾಕಿ ನೆಸ್ಟ್ ಮಾಡಿ ಇಟ್ಟಿದ್ದೇನೆ. v2ದಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ ಕತ್ತರಿಸಿದ್ದು.

ಹಳೇ ಟೇಪ್, ಮಂಗಳೂರು

ಅಲ್ಲಿಯೇ ಉತ್ತರ ಉಂಟು. ಬಗ್ ಅಲ್ಲ.

ಸೀಕ್ವೆನ್ಸನ್ನು ಡೂಪ್ಲಿಕೇಟ್ ಮಾಡಿದಾಗ ಹೊರಗಿನ ಟೈಮ್‌ಲೈನ್ ಮಾತ್ರ ಎರಡಾಗುತ್ತದೆ. ಒಳಗಿರುವ ನೆಸ್ಟ್ ಒಂದೇ. ನಿಮ್ಮ v1, v2, v3 ಮೂರೂ ಒಂದೇ `Horekanike` ನೆಸ್ಟನ್ನು ನೋಡುತ್ತಿವೆ. ಒಂದರಿಂದ ಒಳಗೆ ಹೋಗಿ ಕತ್ತರಿಸಿದರೆ ಮೂರರಲ್ಲೂ ಕತ್ತರಿಸಿದ ಹಾಗೆ. v1ರಲ್ಲಿ ಆ ಕ್ಲಿಪ್ಪಿನ ಉದ್ದ ಹಳೆಯದೇ 2:10 ಉಳಿದಿದೆ, ಆದರೆ ಒಳಗೆ 1:25ರಷ್ಟೇ ಸಾಮಾನು ಇದೆ. ಉಳಿದ ಜಾಗಕ್ಕೆ ತೋರಿಸಲು ಏನೂ ಇಲ್ಲ ಅಂತ ಪ್ರೀಮಿಯರ್ ಓರೆ ಗೆರೆ ಹಾಕುತ್ತದೆ.

ನೀವು ಬಚಾವ್, ನಿಮ್ಮದು ಚಿಕ್ಕದಾಯಿತು, ಕಪ್ಪು ಕಂಡಿತು. ನೆಸ್ಟನ್ನು ಉದ್ದ ಮಾಡಿದ್ದರೆ ಹಳೇ ವರ್ಷನ್‌ನಲ್ಲಿ ಗೆರೆಯೂ ಇಲ್ಲ, ಕಪ್ಪೂ ಇಲ್ಲ. ಒಳಗೆ ಶಾಟ್‌ಗಳು ಸರಿದಿರುತ್ತವೆ, ಹಾಡಿನ ತಾಳಕ್ಕೂ ಕಟ್ಟಿಗೂ ಸಂಬಂಧ ಇರುವುದಿಲ್ಲ, ಕೊನೆಯ ಶಾಟ್ ಅರ್ಧಕ್ಕೆ ಕಡಿದಿರುತ್ತದೆ. ಪೂರ್ತಿ ಕೂತು ನೋಡಿದವರಿಗೆ ಮಾತ್ರ ಗೊತ್ತಾಗುವುದು. ಹಳೆಯದನ್ನು ನೋಡದೆಯೇ ಎಕ್ಸ್‌ಪೋರ್ಟ್ ಮಾಡಿ ಕಳಿಸುವವರೇ ಜಾಸ್ತಿ, ಅಲ್ವಾ?

ಈಗ ಮೊದಲು ಒಂದು ಕೆಲಸ ಮಾಡಿ. ಪ್ರಾಜೆಕ್ಟ್ ಫೈಲ್ ಇರುವ ಫೋಲ್ಡರಿನ ಒಳಗೇ `Adobe Premiere Pro Auto-Save` ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಅದನ್ನು ಪೂರ್ತಿ ಬೇರೆ ಡ್ರೈವಿಗೆ ಕಾಪಿ ಮಾಡಿ. ಪ್ರೀಮಿಯರ್ ಓಪನ್ ಮಾಡುವ ಮೊದಲೇ. ಆಮೇಲೆ v1 ಕಳಿಸಿದ ದಿನದ ಫೈಲ್ ಇದೆಯಾ ನೋಡಿ.

ಉಡುಪಿ ಕಟ್ಸ್

ನೋಡಿದೆ. ಇಲ್ಲ. ಇರುವ 20 ಫೈಲ್ ಎಲ್ಲ ನಿನ್ನೆ ಸಂಜೆಯವು. ಕರೆಂಟ್ ಹೋಗುತ್ತದೆ ಅಂತ ನಾನೇ ಆಟೋ ಸೇವನ್ನು 5 ನಿಮಿಷಕ್ಕೆ ಇಟ್ಟಿದ್ದೆ.

ಹಳೇ ಟೇಪ್, ಮಂಗಳೂರು

ಅದೇ ಕಾರಣ. ಅದು ಇಷ್ಟೇ ಕಾಪಿ ಅಂತ ಇಟ್ಟುಕೊಳ್ಳುತ್ತದೆ, ಮೇಲಿಂದ ಹೊಸದು ಬಂದ ಹಾಗೆ ಹಳೆಯದನ್ನು ತೆಗೆಯುತ್ತದೆ. 5 ನಿಮಿಷಕ್ಕೊಂದು, ಒಟ್ಟು 20 ಅಂದರೆ ನಿಮ್ಮ ಕೈಯಲ್ಲಿ ಇರುವುದು 100 ನಿಮಿಷದ ಕೆಲಸ ಮಾತ್ರ. ಬೇಗ ಬೇಗ ಸೇವ್ ಆಗಲಿ ಅಂತ ಸಮಯ ಕಡಿಮೆ ಮಾಡಿದಷ್ಟೂ ಹಿಂದಕ್ಕೆ ಹೋಗುವ ದಾರಿ ಚಿಕ್ಕದಾಗುತ್ತದೆ. ಕರೆಂಟ್ ಹೋದದ್ದಕ್ಕೆ ಆಟೋ ಸೇವ್ ಒಳ್ಳೆಯದು. ಅಧ್ಯಕ್ಷರ ಮನಸ್ಸು ಬದಲಾದದ್ದಕ್ಕೆ ಅದು ಆಗುವುದಿಲ್ಲ.

`Auto Save` ಸೆಟ್ಟಿಂಗಿಗೆ ಹೋಗಿ `Maximum Project Versions` ಅನ್ನು 100 ಮಾಡಿ. ಫೈಲ್ ಎಷ್ಟು ದೊಡ್ಡದಿದೆ?

ಉಡುಪಿ ಕಟ್ಸ್

9 ಎಂಬಿ.

ಹಳೇ ಟೇಪ್, ಮಂಗಳೂರು

ನೂರು ಇಟ್ಟರೂ 900 ಎಂಬಿ. ಒಂದು ಕ್ಯಾಮೆರಾದ ಒಂದು ಶಾಟ್ ಅಷ್ಟಿರುತ್ತದೆ. ಅದರಲ್ಲಿ ಜುಗ್ಗತನ ಬೇಡ.

v1 ಎಕ್ಸ್‌ಪೋರ್ಟ್ ಆದ ಫೈಲ್ ಇಟ್ಟಿದ್ದೀರಾ? ವಾಟ್ಸಾಪಿನಲ್ಲಿ ಹೋದದ್ದಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಇರುವುದು.

ಉಡುಪಿ ಕಟ್ಸ್

`BK_v1.mp4` ಇದೆ. ಅದನ್ನೇ ಕತ್ತರಿಸಿ ಅಂಟಿಸಬಹುದಾ?

ಹಳೇ ಟೇಪ್, ಮಂಗಳೂರು

ಅಂಟಿಸಬಹುದು, ಆದರೆ ಅದರಲ್ಲಿ ಹಾಡು, ಚೆಂಡೆ, ಕಾಮೆಂಟರಿ ಎಲ್ಲ ಸೇರಿಹೋಗಿದೆ. ಕ್ವಾಲಿಟಿ ಕೂಡ ಒಮ್ಮೆ ಇಳಿದದ್ದು. ಅದನ್ನು ನಕಾಶೆ ಮಾಡಿಕೊಂಡು ಮೂಲ ಫುಟೇಜಿನಿಂದ ಮತ್ತೆ ಕಟ್ಟಿ. 45 ಸೆಕೆಂಡ್ ತಾನೆ, ಒಂದು ಗಂಟೆಯ ಕೆಲಸ.

ಹೀಗೆ ಮಾಡಿ. ಈಗಿನ ಪ್ರಾಜೆಕ್ಟನ್ನು `Save As` ಕೊಟ್ಟು `BK_v04.prproj` ಮಾಡಿ. ಬಿನ್‌ನಲ್ಲಿ `Horekanike` ನೆಸ್ಟನ್ನು ಡೂಪ್ಲಿಕೇಟ್ ಮಾಡಿ `Horekanike_v04` ಅಂತ ಹೆಸರಿಡಿ. ಆ ಹೊಸ ನೆಸ್ಟಿನ ಒಳಗೆ ಹೋಗಿ ಮೇಲಿನ ಟ್ರ್ಯಾಕಿನಲ್ಲಿ `BK_v1.mp4`ಯ ಹೊರೆಕಾಣಿಕೆ ಭಾಗ ಹಾಕಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ `Scene Edit Detection` ಸಿಗುತ್ತದೆ. ಎಲ್ಲೆಲ್ಲಿ ಕಟ್ ಇತ್ತು ಅಂತ ಅದೇ ಕಡಿದು ತೋರಿಸುತ್ತದೆ. ಡಿಸಾಲ್ವ್ ಇದ್ದ ಕಡೆ ತಪ್ಪುತ್ತದೆ, ಅದನ್ನು ಕಣ್ಣಿಂದ ನೋಡಿ.

ಆಮೇಲೆ ಕೆಳಗಿನ ಟ್ರ್ಯಾಕಿನಲ್ಲಿ ಮೂಲ ಶಾಟ್‌ಗಳನ್ನು ಆ ಕಟ್‌ಗಳಿಗೆ ಸರಿಯಾಗಿ ಇಡುತ್ತಾ ಹೋಗಿ. ಮೇಲಿನ ಫೈಲಿನ ಬ್ಲೆಂಡ್ ಮೋಡ್ `Difference` ಮಾಡಿ. ಎರಡೂ ಒಂದೇ ಫ್ರೇಮ್ ಆದರೆ ಸ್ಕ್ರೀನ್ ಕಪ್ಪು. ಒಂದು ಫ್ರೇಮ್ ಆಚೀಚೆ ಇದ್ದರೂ ಜನರ ಅಂಚು, ಛತ್ರಿಯ ಅಂಚು ಎಲ್ಲ ಬಿಳಿ ಗೆರೆಯಾಗಿ ಕಾಣುತ್ತದೆ. ನಡೆಯುವ ಜನ ಇರುವ ಶಾಟಿನಲ್ಲಿ ಅದು ಇನ್ನೂ ಸ್ಪಷ್ಟ. ಪೂರ್ತಿ ಕಪ್ಪು ಬರುವುದಿಲ್ಲ, ಯಾಕೆಂದರೆ ಎಂಪಿ4 ಒತ್ತಿದ ಫೈಲ್, ಸಣ್ಣ ಮರಳು ಆಡಿದ ಹಾಗೆ ಕಾಣುತ್ತಾ ಇರುತ್ತದೆ. ಗೆರೆ ಇಲ್ಲದಿದ್ದರೆ ಸಾಕು. ಮುಗಿದ ಮೇಲೆ ಮೇಲಿನ ಫೈಲ್ ತೆಗೆಯಲು ಮರೆಯಬೇಡಿ.

ಕೊನೆಗೆ v1 ಸೀಕ್ವೆನ್ಸನ್ನು `BK_v4` ಅಂತ ಡೂಪ್ಲಿಕೇಟ್ ಮಾಡಿ, `Horekanike_v04` ಅನ್ನು ಬಿನ್‌ನಿಂದ ಎಳೆದು, `Alt` ಒತ್ತಿ ಹಿಡಿದು ಹಳೆಯ ನೆಸ್ಟಿನ ಮೇಲೆ ಬಿಡಿ. ಅದರ ಮೇಲಿದ್ದ ಎಫೆಕ್ಟ್ ಉಳಿದು ಒಳಗಿನದು ಮಾತ್ರ ಬದಲಾಗುತ್ತದೆ.

ಮಣಿಪಾಲ ಗ್ರಾಫಿಕ್ಸ್

ಟೈಟಲ್ ಬಣ್ಣ ಬದಲಾದದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಟೈಟಲ್ ಆಫ್ಟರ್ ಎಫೆಕ್ಟ್ಸ್‌ನಿಂದ ಲಿಂಕ್ ಮಾಡಿದ್ದಾ? ದಾನಿಗಳ ಪಟ್ಟಿ ಇಮೇಜಾ?

ಉಡುಪಿ ಕಟ್ಸ್

ಹೌದು, ಟೈಟಲ್ ಡೈನಾಮಿಕ್ ಲಿಂಕ್. ಪಟ್ಟಿ `Daanigalu.png`. ಡಿಸೈನ್ ಮಾಡುವವರು ಹೊಸದು ಕಳಿಸಿದಾಗ ಹಳೆಯದರ ಮೇಲೆಯೇ ಹಾಕಿದೆ, ತಾನೇ ಅಪ್‌ಡೇಟ್ ಆಯ್ತು. ಅದು ಅನುಕೂಲ ಅಂತಲೇ ಅಂದುಕೊಂಡಿದ್ದೆ.

ಮಣಿಪಾಲ ಗ್ರಾಫಿಕ್ಸ್

ಅದೇ ನೋಡಿ. ಹಳೇ ಟೇಪ್ ಸರ್ ಹೇಳಿದ ಹಾಗೆ ಪ್ರಾಜೆಕ್ಟ್ ಫೈಲನ್ನು `Save As` ಮಾಡಿಟ್ಟಿದ್ದರೆ ನೆಸ್ಟ್ ಉಳಿಯುತ್ತಿತ್ತು. ಆದರೆ ಟೈಟಲ್ ಮತ್ತು ಪಟ್ಟಿ ಆಗಲೂ ಉಳಿಯುತ್ತಿರಲಿಲ್ಲ. ಪ್ರಾಜೆಕ್ಟ್ ಫೈಲಿನ ಒಳಗೆ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಆ ವಿಳಾಸದಲ್ಲಿ ಬೇರೆಯವರನ್ನು ಕೂರಿಸಿದರೆ ಹಳೇ ಪ್ರಾಜೆಕ್ಟ್ ಕೂಡ ಹೊಸಬರನ್ನೇ ತೋರಿಸುತ್ತದೆ. ನೀವು ಹೋದ ವಾರದ ಪ್ರಾಜೆಕ್ಟ್ ಓಪನ್ ಮಾಡಿದರೂ ಈ ವಾರದ ದಾನಿಗಳೇ ಬರುತ್ತಾರೆ.

ಈ ಸಲ ಅಧ್ಯಕ್ಷರಿಗೆ ಹೊಸ ಪಟ್ಟಿಯೇ ಬೇಕಿತ್ತು, ಅದು ನಿಮ್ಮ ಅದೃಷ್ಟ. ಹಳೇ ಪಟ್ಟಿ ಕೇಳಿದ್ದರೆ?

ನಾನು ಮಾಡುವುದು ಇಷ್ಟು. ಯಾವ ಇಮೇಜನ್ನೂ ಅದೇ ಹೆಸರಲ್ಲಿ ಮೇಲೆ ಹಾಕುವುದಿಲ್ಲ. `Daanigalu_v01.png`, `Daanigalu_v02.png`. ಹೊಸದನ್ನು ಬೇರೆಯಾಗಿ ಇಂಪೋರ್ಟ್ ಮಾಡಿ ಹೊಸ ಸೀಕ್ವೆನ್ಸಿನಲ್ಲಿ ಮಾತ್ರ ಬದಲಾಯಿಸುತ್ತೇನೆ. ಲಿಂಕ್ ಮಾಡಿದ ಟೈಟಲ್ ಇದ್ದರೆ ಕ್ಲೈಂಟಿಗೆ ಕಳಿಸುವ ಮುಂಚೆ `Render and Replace` ಕೊಡುತ್ತೇನೆ. ಆಗ ಆ ವರ್ಷನ್ನಿನ ಟೈಟಲ್ ಒಂದು ವಿಡಿಯೋ ಫೈಲಾಗಿ ಗಟ್ಟಿಯಾಗುತ್ತದೆ. ಹಿನ್ನೆಲೆ ಪಾರದರ್ಶಕ ಇರುವ ಟೈಟಲ್ ಆದರೆ ಆಲ್ಫಾ ಇರುವ ಪ್ರಿಸೆಟ್ ಆರಿಸಬೇಕು, ಇಲ್ಲದಿದ್ದರೆ ಗೋಪುರದ ಮೇಲೆ ಕಪ್ಪು ಚೌಕ ಬಂದು ಕೂರುತ್ತದೆ.

ಇನ್ನೊಂದು, ಫಾಂಟ್. ಡಿಸೈನ್ ಫೈಲಿನಲ್ಲಿ ದಾನಿಗಳ ಹೆಸರು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಫೈಲನ್ನೂ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇಡಿ. ಯೂನಿಕೋಡ್ ಅಲ್ಲದ ಫಾಂಟ್ ಬೇರೆ ಕಂಪ್ಯೂಟರಿನಲ್ಲಿ ಇಲ್ಲದೇ ಹೋದರೆ ಶೆಟ್ರ ಹೆಸರು, ಭಟ್ರ ಹೆಸರು ಎಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಆಗುತ್ತದೆ. ಯಾರ ಹೆಸರು ಯಾವುದು ಅಂತ ಗುರುತೇ ಹತ್ತುವುದಿಲ್ಲ.

ಕುಂದಾಪುರ ಕ್ಯಾಮೆರಾ

ನೆಸ್ಟಿನ ವಿಷಯ ನನಗೆ ಗೊತ್ತಿರಲಿಲ್ಲ, ನಾನು ನೆಸ್ಟ್ ಬಳಸುವುದೇ ಕಡಿಮೆ. ಆದರೆ ಪ್ರತಿ ಸಲ ಬೇರೆ ಪ್ರಾಜೆಕ್ಟ್ ಫೈಲ್ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಹತ್ತು ಫೈಲ್ ಆದ ಮೇಲೆ ಯಾವುದರಲ್ಲಿ ಏನಿದೆ ಅಂತ ಯಾರಿಗೆ ನೆನಪಿರುತ್ತದೆ? ಒಂದೇ ಪ್ರಾಜೆಕ್ಟ್, ಒಳಗೆ ಸೀಕ್ವೆನ್ಸ್ ಸೀಕ್ವೆನ್ಸ್ ಆಗಿ ಇದ್ದರೆ ಎದುರು ಬದುರು ಇಟ್ಟು ನೋಡಬಹುದು.

ಹಳೇ ಟೇಪ್, ಮಂಗಳೂರು

ನೋಡಲು ಅದೇ ಸುಲಭ, ಒಪ್ಪಿದೆ. ಅದಕ್ಕೇ ನಾನು ಎರಡೂ ಮಾಡುತ್ತೇನೆ. ಟೇಬಲ್ ಮೇಲೆ ಕೆಲಸ ನಡೆಯುವಾಗ ಒಳಗೆ ಸೀಕ್ವೆನ್ಸ್ ಡೂಪ್ಲಿಕೇಟ್. ಕ್ಲೈಂಟಿಗೆ ಹೊರಗೆ ಹೋದ ಕೂಡಲೇ ಪ್ರಾಜೆಕ್ಟಿಗೆ ನಂಬರ್. ಅಂದರೆ ಹೊರಗೆ ಹೋಗದ್ದಕ್ಕೆ ನಂಬರ್ ಇಲ್ಲ. ಹಾಗಾಗಿ ಹತ್ತು ಇಪ್ಪತ್ತು ಆಗುವುದೇ ಇಲ್ಲ. ಒಂದು ಮದುವೆಗೆ ನಾಲ್ಕೈದು, ಸಮಿತಿ ಇರುವ ಕೆಲಸಕ್ಕೆ ಸ್ವಲ್ಪ ಜಾಸ್ತಿ.

ಕ್ಲೈಂಟಿಗೆ ಕಳಿಸಿದ ಮೇಲೆ ಆ ಪ್ರಾಜೆಕ್ಟ್ ಫೈಲಿಗೆ ಬೀಗ ಹಾಕುತ್ತೇನೆ. ವಿಂಡೋಸ್‌ನಲ್ಲಿ ಒಂದೇ ಸಾಲು:

```
attrib +R "D:\BK\01_Project\BK_v01.prproj"
```

ಆಮೇಲೆ ತಪ್ಪಿ ಅದನ್ನೇ ಓಪನ್ ಮಾಡಿ ಕೆಲಸ ಮಾಡಿ ಕಂಟ್ರೋಲ್ ಎಸ್ ಒತ್ತಿದರೂ ಅದರ ಮೇಲೆ ಸೇವ್ ಆಗುವುದಿಲ್ಲ.

ಇಲ್ಲಿ ಕೆಲವರು ಎಡವುವ ಕಡೆ ಒಂದು ಉಂಟು. `Save As` ಕೊಟ್ಟರೆ ನೀವು ಹೊಸ ಫೈಲಿಗೆ ದಾಟುತ್ತೀರಿ. `Save a Copy` ಕೊಟ್ಟರೆ ಕಾಪಿ ಪಕ್ಕಕ್ಕೆ ಹೋಗುತ್ತದೆ, ನೀವು ಹಳೆಯದರಲ್ಲೇ ಇರುತ್ತೀರಿ. ಎರಡನೆಯದನ್ನು ಕೊಟ್ಟು ಮೊದಲನೆಯದನ್ನು ಕೊಟ್ಟೆ ಅಂದುಕೊಂಡರೆ v2 ಹೆಸರಿನ ಫೈಲಿನಲ್ಲಿ v1 ಇರುತ್ತದೆ, v1ರಲ್ಲಿ v2. ಮೇಲೆ ಪಟ್ಟಿಯಲ್ಲಿ ಫೈಲಿನ ಹೆಸರು ಓದಿ ಆಮೇಲೆ ಕೈ ಹಾಕಿ.

ಹಳೇ ಫೈಲಿನಿಂದ ಒಂದು ಭಾಗ ಬೇಕಾದರೆ ಅದನ್ನು ಓಪನ್ ಮಾಡುವ ಅಗತ್ಯವೂ ಇಲ್ಲ. ಈಗಿನ ಪ್ರಾಜೆಕ್ಟಿನೊಳಗೆ `BK_v01.prproj` ಅನ್ನು ಇಂಪೋರ್ಟ್ ಮಾಡಿ, `Import Selected Sequences` ಆರಿಸಿ, ಬೇಕಾದ ಸೀಕ್ವೆನ್ಸ್ ತೆಗೆದುಕೊಳ್ಳಿ. ಅದರ ನೆಸ್ಟ್ ಅದರ ಜೊತೆ ಬೇರೆಯಾಗಿ ಬರುತ್ತದೆ. ಕುಂದಾಪುರದವರಿಗೆ ಎದುರು ಬದುರು ನೋಡಲೂ ಆಯ್ತು. ಬರುವಾಗ `Allow importing of duplicate media` ಟಿಕ್ ತೆಗೆಯಿರಿ, ಇಲ್ಲದಿದ್ದರೆ ಬಿನ್ ತುಂಬಾ ಒಂದೇ ಕ್ಲಿಪ್ ಎರಡೆರಡು.

ಕುಂದಾಪುರ ಕ್ಯಾಮೆರಾ

ಇಂಪೋರ್ಟ್ ಮಾಡಬಹುದು ಅಂತ ಗೊತ್ತಿತ್ತು, ಒಂದೇ ಸೀಕ್ವೆನ್ಸ್ ಆರಿಸಬಹುದು ಅಂತ ಗೊತ್ತಿರಲಿಲ್ಲ. ಆದರೂ ನನಗೆ ಒಂದೇ ಪ್ರಾಜೆಕ್ಟ್ ಸಾಕು. ನೆಸ್ಟ್ ಮಾಡದಿದ್ದರೆ ಆಯ್ತಲ್ಲ.

ಸುರತ್ಕಲ್ ಸೌಂಡ್

ನಮ್ಮ ಕಷ್ಟ ಕೇಳಿ. ನಾನು ಯಕ್ಷಗಾನದ ವಿಡಿಯೋಗಳಿಗೆ ಸೌಂಡ್ ಮಿಕ್ಸ್ ಮಾಡುವವ. ಎಡಿಟರ್ ಒಂದು ವಿಡಿಯೋ ಕೊಡುತ್ತಾನೆ. ಅದರ ಮೇಲೆ ಭಾಗವತಿಕೆ, ಚೆಂಡೆ, ಮದ್ದಳೆ ಎಲ್ಲ ಕೂರಿಸಿ ಕೊಡುತ್ತೇನೆ. ನಡುವೆ ಅವನು ಎಲ್ಲೋ ಎಂಟು ಫ್ರೇಮ್ ತೆಗೆದಿರುತ್ತಾನೆ. ಫೈಲಿನ ಹೆಸರು ಎರಡಕ್ಕೂ `final`. ನನ್ನ ಮಿಕ್ಸ್ ಹಾಕಿದರೆ ಅಲ್ಲಿಂದ ಮುಂದೆ ವೇಷದ ಹೆಜ್ಜೆ ಒಂದು ಕಡೆ, ಚೆಂಡೆ ಪೆಟ್ಟು ಇನ್ನೊಂದು ಕಡೆ. ಎಂಟು ಫ್ರೇಮ್ ಅಂದರೆ 25 ಫ್ರೇಮಿನ ವಿಡಿಯೋದಲ್ಲಿ ಸುಮಾರು ಮೂರನೇ ಒಂದು ಸೆಕೆಂಡ್. ಬೇರೆ ವಿಡಿಯೋದಲ್ಲಿ ನಡೆಯಬಹುದೇನೋ, ಆಟದಲ್ಲಿ ಹಿಂದಿನ ಸಾಲಿನಲ್ಲಿ ಕೂತ ಅಜ್ಜನಿಗೂ ಗೊತ್ತಾಗುತ್ತದೆ.

ಈಗ ನಾನು ಒಂದೇ ಷರತ್ತು ಹಾಕಿದ್ದೇನೆ. ವಿಡಿಯೋದ ಮೂಲೆಯಲ್ಲಿ ವರ್ಷನ್ ಹೆಸರು ಮತ್ತು ಟೈಮ್‌ಕೋಡ್ ಓಡುತ್ತಾ ಇರಬೇಕು. ಇಲ್ಲದಿದ್ದರೆ ಫೈಲ್ ತೆಗೆದುಕೊಳ್ಳುವುದಿಲ್ಲ.

ಉಡುಪಿ ಕಟ್ಸ್

ಅದನ್ನು ಸಮಿತಿಗೆ ಕಳಿಸುವ ವಿಡಿಯೋಗೂ ಮಾಡಬಹುದಲ್ವಾ?

ಹಳೇ ಟೇಪ್, ಮಂಗಳೂರು

ಮಾಡಲೇಬೇಕು. ಎಕ್ಸ್‌ಪೋರ್ಟ್ ಮಾಡುವಾಗ `Effects` ಭಾಗದಲ್ಲಿ `Name Overlay`, `Timecode Overlay` ಇರುತ್ತದೆ. ಹೆಸರಿನಲ್ಲಿ ವರ್ಷನ್ ನಂಬರ್ ಬರೆಯಿರಿ. ವಾಟ್ಸಾಪಿನಲ್ಲಿ ಹೋಗುವಾಗ ಫೈಲಿನ ಹೆಸರು ಹೋದರೂ ಚಿತ್ರದ ಮೇಲಿನ ನಂಬರ್ ಹೋಗುವುದಿಲ್ಲ. ಯಾರೋ ಅದನ್ನು ಕುಟುಂಬದ ಗ್ರೂಪಿಗೆ ಫಾರ್ವರ್ಡ್ ಮಾಡಿ, ಅಲ್ಲಿಂದ ಯಾರದ್ದೋ ಮಾವ ಅಭಿಪ್ರಾಯ ಹೇಳಿದರೂ ಯಾವ ವರ್ಷನ್ನಿನ ಬಗ್ಗೆ ಅಂತ ಗೊತ್ತಾಗುತ್ತದೆ.

ನಿಮ್ಮ ಅಧ್ಯಕ್ಷರು "ಮೊದಲು ಕಳಿಸಿದ್ದು" ಅಂದರಲ್ಲ, ಅವರು ಮೊದಲು ನೋಡಿದ್ದು v1 ಅಂತ ಖಾತ್ರಿ ಉಂಟಾ? ಎಷ್ಟೋ ಸಲ ಅವರು ಮೊದಲು ನೋಡಿದ್ದೇ ಎರಡನೆಯದು ಆಗಿರುತ್ತದೆ. ಕೆಲಸ ಶುರು ಮಾಡುವ ಮೊದಲು ಕೇಳಿಕೊಳ್ಳಿ.

ಉಡುಪಿ ಕಟ್ಸ್

ಈಗಲೇ ಕೇಳಿದೆ. ಹೊರೆಕಾಣಿಕೆಯಲ್ಲಿ ಹುಲಿವೇಷದವರು ಇರುವುದು ಬೇಕು ಅಂದರು. ಅದು v1ರಲ್ಲಿ ಮಾತ್ರ ಇದ್ದದ್ದು. ಸರಿಯಾಗಿದೆ. ಆದರೆ ಹಾಡು v2ದೇ ಇರಲಿ ಅಂತಾರೆ!

ಕಾರ್ಕಳ ಸ್ಟುಡಿಯೋ

ನಾನು ಮೊದಲೇ ಹೇಳಿದೆ. ಬಿಲ್ ಮಾಡು ತಮ್ಮಾ.

ರಿಸಾಲ್ವ್ ಪುತ್ತೂರು

ನಾನು ರಿಸಾಲ್ವ್‌ನಲ್ಲಿ ಕೆಲಸ ಮಾಡುವುದು. ಇಲ್ಲಿಯೂ ಅದೇ ಕತೆ, ಟೈಮ್‌ಲೈನ್ ಡೂಪ್ಲಿಕೇಟ್ ಮಾಡಿದರೂ ಕಾಂಪೌಂಡ್ ಕ್ಲಿಪ್ ಒಂದೇ. ಆದರೆ ನನ್ನ ಬ್ಯಾಕಪ್ ಚೆನ್ನಾಗಿದೆ. ಕೆಲಸದ ಫೋಲ್ಡರ್ ಪೂರ್ತಿ ದಿನಾ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗುತ್ತದೆ, ಗೂಗಲ್ ಡ್ರೈವಿಗೂ ಸಿಂಕ್ ಇದೆ. ಏನು ಬೇಕಾದರೂ ವಾಪಸ್ ತರಬಹುದು.

ಹಳೇ ಟೇಪ್, ಮಂಗಳೂರು

ಕೆಲಸದ ಫೋಲ್ಡರ್ ಅಂದರೆ ಫುಟೇಜ್, ಹಾಡು, ಇಮೇಜ್ ಅಲ್ವಾ? ಅದರಲ್ಲಿ ನಿಮ್ಮ ಎಡಿಟ್ ಎಲ್ಲಿದೆ?

ರಿಸಾಲ್ವ್ ಪುತ್ತೂರು

ಅದೂ ಅಲ್ಲೇ ಇರಬೇಕಲ್ಲ.

ಹಳೇ ಟೇಪ್, ಮಂಗಳೂರು

ಇರುವುದಿಲ್ಲ. ರಿಸಾಲ್ವ್ ಎಡಿಟನ್ನು ಪ್ರಾಜೆಕ್ಟ್ ಲೈಬ್ರರಿಯಲ್ಲಿ ಇಡುತ್ತದೆ. ನೀವು ಬೇರೆ ಜಾಗ ತೋರಿಸಿಲ್ಲ ಅಂದರೆ ಅದು ಸಿ ಡ್ರೈವಿನ ಒಳಗೆ ಎಲ್ಲೋ ಕೂತಿರುತ್ತದೆ. ನಿಮ್ಮ ಬ್ಯಾಕಪ್ ಡಿಸ್ಕಿನಲ್ಲಿ ಹುಡುಕಿ, ಒಂದೂ ಎಡಿಟ್ ಸಿಗುವುದಿಲ್ಲ. ಕ್ಲೈಂಟಿಗೆ ಕಳಿಸಿದ ಪ್ರತಿ ಸಲ ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ `Export Project` ಕೊಟ್ಟು `.drp` ಫೈಲನ್ನು ಆ ಫೋಲ್ಡರಿಗೆ ಹಾಕಿ. ಅದರಲ್ಲಿ ಫುಟೇಜ್ ಇರುವುದಿಲ್ಲ, ಚಿಕ್ಕ ಫೈಲ್. ಕೆಲಸ ಪೂರ್ತಿ ಮುಗಿದ ಮೇಲೆ ಫುಟೇಜ್ ಸಮೇತ ಬೇಕಾದರೆ ಆರ್ಕೈವ್ ಮಾಡಿ, ಅದು `.dra`.

ಇನ್ನು ಸಿಂಕ್. ಅದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಹಾಳಾದರೆ ಅಲ್ಲಿಯೂ ಹಾಳಾದದ್ದೇ ಇರುತ್ತದೆ. ಗೂಗಲ್ ಡ್ರೈವ್ ಅಳಿಸಿದ್ದನ್ನು 30 ದಿನ ಟ್ರ್ಯಾಶಿನಲ್ಲಿ ಇಡುತ್ತದೆ. ಬದಲಾದ ಫೈಲಿನ ಹಳೇ ರೂಪಗಳನ್ನೂ 30 ದಿನ ಅಥವಾ 100 ರೂಪ ಆಗುವವರೆಗೆ ಇಡುತ್ತದೆ. ಅಷ್ಟರ ಒಳಗೆ ಗೊತ್ತಾದರೆ ಸರಿ. ಕ್ಲೈಂಟ್‌ಗಳು ಪತ್ತನಾಜೆ ಕಳೆದ ಮೇಲೆ ಫೋನ್ ಮಾಡುವವರು.

ಡಿಸ್ಕಿಗೆ ಕಾಪಿ ಹೇಗೆ ಮಾಡುತ್ತೀರಿ? `robocopy`ಯಲ್ಲಿ `/MIR` ಹಾಕಿದ್ದೀರಾ?

ರಿಸಾಲ್ವ್ ಪುತ್ತೂರು

ಹಾಕಿದ್ದೇನೆ. ಯಾರೋ ವಿಡಿಯೋದಲ್ಲಿ ಹೇಳಿದ್ದು.

ಹಳೇ ಟೇಪ್, ಮಂಗಳೂರು

ಅದೂ ಕನ್ನಡಿಯೇ. ಇಲ್ಲಿ ಇಲ್ಲದ್ದನ್ನು ಅಲ್ಲಿಂದ ಅಳಿಸುತ್ತದೆ. ಜಾಗ ಸಾಲದೆ ನೀವು v1ರ ಫೋಲ್ಡರ್ ತೆಗೆದರೆ ಆ ರಾತ್ರಿಯೇ ಬ್ಯಾಕಪ್‌ನಲ್ಲಿಯೂ v1 ಹೋಯಿತು. ನಾನು ಬಳಸುವುದು ಇದು:

```
robocopy "D:\BK" "E:\BK" /E /XO /LOG:"E:\bk_log.txt"
```

ಇದು ಅಳಿಸುವುದಿಲ್ಲ, ಹೊಸದನ್ನು ಸೇರಿಸುತ್ತಾ ಹೋಗುತ್ತದೆ. ಅದೇ ಹೆಸರಿನ ಫೈಲ್ ಇಲ್ಲಿ ಬದಲಾಗಿದ್ದರೆ ಮಾತ್ರ ಅಲ್ಲಿಯೂ ಬದಲಾಗುತ್ತದೆ. ಮಣಿಪಾಲದವರು ಹೇಳಿದ ಹಾಗೆ ಒಂದೇ ಹೆಸರಲ್ಲಿ ಮೇಲೆ ಹಾಕದಿದ್ದರೆ ಆ ತೊಂದರೆಯೂ ಇಲ್ಲ.

ಬ್ಯಾಕಪ್ ಸರಿ ಉಂಟಾ ಅಂತ ತಿಳಿಯಲು ಒಂದೇ ದಾರಿ. ಕೆಲಸದ ಡ್ರೈವ್ ಕಳಚಿ ಪಕ್ಕಕ್ಕಿಡಿ. ಬ್ಯಾಕಪ್ ಡಿಸ್ಕಿನಿಂದಲೇ ಪ್ರಾಜೆಕ್ಟ್ ಓಪನ್ ಮಾಡಿ. ಪ್ರೀಮಿಯರ್ `Link Media` ಅಂತ ಪಟ್ಟಿ ತೋರಿಸಿದರೆ ಅಲ್ಲಿ ಇರುವುದೆಲ್ಲ ನಿಮ್ಮ ಬ್ಯಾಕಪ್‌ನಲ್ಲಿ ಇಲ್ಲದ್ದು ಅಥವಾ ಅದಕ್ಕೆ ಸಿಗದ್ದು. ಸಿ ಡ್ರೈವಿನಿಂದ ಬಂದದ್ದು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ ಮಾಡಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಹಾಡು. ಕ್ಲೈಂಟ್ ವಾಟ್ಸಾಪಿನಲ್ಲಿ ಕಳಿಸಿದ್ದು, ನೀವು `Downloads` ಫೋಲ್ಡರಿನಿಂದಲೇ ಎಳೆದು ಟೈಮ್‌ಲೈನಿಗೆ ಹಾಕಿದ್ದು.

ರಿಸಾಲ್ವ್ ಪುತ್ತೂರು

ನೋಡಿದೆ. ಒಂದು ಎಡಿಟ್ ಕೂಡ ಬ್ಯಾಕಪ್‌ನಲ್ಲಿ ಇಲ್ಲ. ಈಗ ಕೂತು ಎಲ್ಲದರ `.drp` ತೆಗೆಯುತ್ತಿದ್ದೇನೆ. ಒಂದು ಪ್ರಶ್ನೆ, ಬ್ಯಾಕಪ್ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇರುತ್ತದೆ. ತೊಂದರೆ ಇಲ್ಲ ಅಲ್ವಾ?

ಸುರತ್ಕಲ್ ಸೌಂಡ್

ನಮ್ಮ ಊರಿನ ಸಿಡಿಲಿಗೆ? ಟಿವಿ ಪ್ಲಗ್ ತೆಗೆದು ಡಿಸ್ಕ್ ಬಿಡುತ್ತೀರಾ? ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಇದ್ದರೆ ಹೋಗುವುದೂ ಒಟ್ಟಿಗೇ. ಕಾಪಿ ಆದ ಮೇಲೆ ಕಳಚಿ ಕಪಾಟಿಗೆ ಹಾಕಿ. ನಾನು ಇನ್ನೊಂದು ಡಿಸ್ಕನ್ನು ಮನೆಯಲ್ಲಿ ಇಟ್ಟಿದ್ದೇನೆ, ಸ್ಟುಡಿಯೋದಲ್ಲಿ ಅಲ್ಲ. ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿ.

ಉಡುಪಿ ಕಟ್ಸ್

ಹೊರೆಕಾಣಿಕೆ ಮತ್ತೆ ಕಟ್ಟಿ ಮುಗಿಸಿದೆ. `Difference` ಭಾರಿ ಉಪಕಾರ ಆಯ್ತು. ಎಲ್ಲ ಶಾಟ್ ಕೂತಿತು, ಒಂದು ಬಿಟ್ಟು. ಹುಲಿವೇಷದ ಒಂದು ಶಾಟನ್ನು ನಾನು v1ರಲ್ಲಿ ಸ್ಲೋ ಮಾಡಿದ್ದೆ, ಎಷ್ಟು ಪರ್ಸೆಂಟ್ ಅಂತ ನೆನಪಿಲ್ಲ. ಶುರುವಿನ ಫ್ರೇಮ್ ಕಪ್ಪಾಗುತ್ತದೆ, ಆಮೇಲೆ ಗೆರೆ ಬರುತ್ತದೆ.

ಹಳೇ ಟೇಪ್, ಮಂಗಳೂರು

ಶುರುವಿನ ಫ್ರೇಮೂ ಕೊನೆಯ ಫ್ರೇಮೂ ಮೂಲ ಕ್ಲಿಪ್ಪಿನಲ್ಲಿ ಯಾವುದು ಅಂತ ಹುಡುಕಿ. ನಡುವೆ ಮೂಲದಲ್ಲಿ 60 ಫ್ರೇಮ್ ಇದ್ದು, v1ರಲ್ಲಿ ಅದು 100 ಫ್ರೇಮ್ ಓಡಿದರೆ ವೇಗ 60 ಪರ್ಸೆಂಟ್. ಅದಕ್ಕೂ ಕೂರದಿದ್ದರೆ ನೀವು ವೇಗವನ್ನು ನಡುವೆ ಬದಲಾಯಿಸಿದ್ದೀರಿ. ಆಗ ಸರಿಸುಮಾರು ಮಾಡಿ ಬಿಡಿ, ಅಧ್ಯಕ್ಷರಿಗೆ ಹುಲಿ ಕಂಡರೆ ಆಯ್ತು.

v4 ಕೊಡುವಾಗ ಎಂಪಿ4 ಜೊತೆಗೆ ಒಂದು ಪ್ರೊರೆಸ್ 422 ಮಾಸ್ಟರ್ ಕೂಡ ತೆಗೆದಿಡಿ. 1080, 25 ಫ್ರೇಮಿನಲ್ಲಿ ನಿಮಿಷಕ್ಕೆ ಸುಮಾರು 0.9 ಜಿಬಿ, ನಿಮ್ಮ 12 ನಿಮಿಷಕ್ಕೆ 11 ಜಿಬಿ ಆಗುತ್ತದೆ. ಸಾಧ್ಯವಾದರೆ ಹೆಸರು, ಟೈಟಲ್ ಇಲ್ಲದ್ದು ಇನ್ನೊಂದು. ಆಮೇಲೆ ಯಾವ ನೆಸ್ಟ್ ಹಾಳಾದರೂ ಕತ್ತರಿಸಿ ಅಂಟಿಸುವಷ್ಟು ಒಳ್ಳೆಯ ಚಿತ್ರ ನಿಮ್ಮ ಕೈಯಲ್ಲಿ ಇರುತ್ತದೆ. ಹಾಡು, ಕಾಮೆಂಟರಿ, ಸ್ಥಳದ ಸೌಂಡ್ ಮೂರನ್ನೂ ಬೇರೆ ಬೇರೆ ವೇವ್ ಫೈಲಾಗಿ ತೆಗೆಯಿರಿ. ಹಾಡು ಬದಲಾಗದೆ ಇರುವುದಿಲ್ಲ.

ಉಡುಪಿ ಕಟ್ಸ್

60 ಅಲ್ಲ, 40 ಪರ್ಸೆಂಟ್. ಕೂತಿತು. v4 ಕಳಿಸಿದೆ, ಮೂಲೆಯಲ್ಲಿ ನಂಬರ್ ಹಾಕಿಯೇ.

ಇನ್ನೊಂದು ಕೇಳುವುದಿತ್ತು. ಇದರ ಫುಟೇಜ್ 640 ಜಿಬಿ ಇದೆ. ಕೊಟ್ಟ ಮೇಲೆ ಎಷ್ಟು ದಿನ ಇಟ್ಟುಕೊಳ್ಳಬೇಕು?

ಕುಂದಾಪುರ ಕ್ಯಾಮೆರಾ

ನಾನು ದುಡ್ಡು ಪೂರ್ತಿ ಬಂದ ಮೇಲೆ ಮೂರು ತಿಂಗಳು. ಆಮೇಲೆ ಡಿಲೀಟ್.

ಮಣಿಪಾಲ ಗ್ರಾಫಿಕ್ಸ್

ಪ್ರಾಜೆಕ್ಟ್, ಇಮೇಜ್, ಫಾಂಟ್, ಮಾಸ್ಟರ್ ಇಷ್ಟನ್ನು ನಾನು ಅಳಿಸುವುದೇ ಇಲ್ಲ. ಫುಟೇಜ್ ಮಾತ್ರ ಒಂದು ವರ್ಷ.

ಹಳೇ ಟೇಪ್, ಮಂಗಳೂರು

ಬ್ರಹ್ಮಕಲಶ ಮತ್ತೆ ಆಗುವುದು 12 ವರ್ಷಕ್ಕೆ. ಆಗ ಹೊಸ ಸಮಿತಿಯವರು ಬಂದು "ಹೋದ ಸಲದ್ದು ನಿಮ್ಮಲ್ಲಿ ಇರಬೇಕಲ್ಲ" ಅಂತ ಕೇಳುವುದು ಖಂಡಿತ. ಕೊಡುವಾಗ ಫುಟೇಜಿಗೆ ಬೇರೆ ಡಿಸ್ಕ್ ತರಲು ಅವರಿಗೇ ಹೇಳಿ, ಕಾಪಿ ಮಾಡಿಕೊಟ್ಟು ರಶೀದಿಗೆ ಸಹಿ ತೆಗೆದುಕೊಳ್ಳಿ.

ಕಾರ್ಕಳ ಸ್ಟುಡಿಯೋ

ಡಿಸ್ಕಿನ ದುಡ್ಡು ಸಮಿತಿಯದ್ದಾ, ಇವನದ್ದಾ?

ಉಡುಪಿ ಕಟ್ಸ್

ಅದನ್ನು ಕೇಳಲು ಫೋನ್ ಮಾಡಿದೆ ಅಣ್ಣ. ಅಧ್ಯಕ್ಷರು v4 ನೋಡುತ್ತಾ ಇದ್ದಾರಂತೆ, ಆಮೇಲೆ ಮಾಡ್ತೇನೆ ಅಂದರು.